ಪವರ್ ಎಂದರೆ ಯಾವ ಶಕ್ತಿ?

ಮೈಸೂರಿನ ಮಂಡಿ ಮೊಹಲ್ಲಾದ ಬೀದಿಯೊಂದರಲ್ಲಿ ಸಂಜೆ ದೀಪ ಆರಿದರೆ ಒಂದು ಮನೆಯವರು ‘ಕರೆಂಟ್ ಹೋಯಿತು’ ಎನ್ನುತ್ತಾರೆ, ಪಕ್ಕದ ಮನೆಯವರು ‘ಪವರ್ ಹೋಯಿತು’ ಎನ್ನುತ್ತಾರೆ, ಎದುರು ಮನೆಯ ಹಿರಿಯರು ‘ವಿದ್ಯುಚ್ಛಕ್ತಿ ನಿಂತಿತು’ ಎನ್ನುತ್ತಾರೆ. ಮೂವರೂ ಹೇಳಿದ್ದು ಒಂದೇ ಸಂಗತಿ. ಮೂವರ ಮಾತೂ ಮೂವರಿಗೂ ತಿಳಿಯಿತು. ಮೇಣದಬತ್ತಿಯನ್ನು ಹುಡುಕುವುದಕ್ಕೆ ಅಷ್ಟು ತಿಳಿವಳಿಕೆ ಸಾಕು. ಆದರೆ ಇವೇ ಮೂರು ಶಬ್ದಗಳು ಭೌತಶಾಸ್ತ್ರದ ತರಗತಿಯನ್ನು ಪ್ರವೇಶಿಸಿದೊಡನೆ ಮೂರು ಬೇರೆ ಬೇರೆ ವಸ್ತುಗಳಾಗುತ್ತವೆ. ಕರೆಂಟನ್ನು ಆಂಪೇರಿನಲ್ಲಿ ಅಳೆಯಬೇಕು, ಪವರನ್ನು ವಾಟಿನಲ್ಲಿ ಅಳೆಯಬೇಕು, ಶಕ್ತಿಯನ್ನು ಜೂಲಿನಲ್ಲಿ ಅಳೆಯಬೇಕು. ಬೀದಿಯಲ್ಲಿ ಒಂದಾಗಿದ್ದ ಮಾತು ತರಗತಿಯಲ್ಲಿ ಮೂರಾದುದನ್ನು ಯಾರೂ ಬಿಡಿಸಿ ಹೇಳದಿದ್ದರೆ ವಿದ್ಯಾರ್ಥಿಯು ಬೀದಿಯ ಅರ್ಥವನ್ನೇ ಇಟ್ಟುಕೊಂಡು ಲೆಕ್ಕ ಮಾಡಲು ಹೊರಡುತ್ತಾನೆ.

ಈಗಿನ ತರಗತಿಗಳಲ್ಲಿ ಕಪ್ಪು ಹಲಗೆಯ ಜೊತೆಗೆ ಸ್ಲೈಡುಗಳೂ ಬಂದಿವೆ. ನಮ್ಮಲ್ಲಿ ಪ್ರೌಢಶಾಲೆಯನ್ನು ಕನ್ನಡದಲ್ಲಿ ಓದಿ ಮುಗಿಸಿದ ಹುಡುಗರೂ ಹುಡುಗಿಯರೂ ಪಿ.ಯು. ತರಗತಿಯಲ್ಲಿ ವಿಜ್ಞಾನವನ್ನು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಎದುರಿಸಬೇಕಾಗುತ್ತದೆ. ಅವರಿಗೆ ನೆರವಾಗಲೆಂದು ಅಧ್ಯಾಪಕರು ಪಾರಿಭಾಷಿಕ ಶಬ್ದವನ್ನು ಇಂಗ್ಲಿಷಿನಲ್ಲಿಯೇ ಉಳಿಸಿ, ವಿವರಣೆಯನ್ನು ಕನ್ನಡದಲ್ಲಿ ಬರೆದು, ಎರಡನ್ನೂ ಒಂದೇ ಸ್ಲೈಡಿನಲ್ಲಿ ತೋರಿಸುತ್ತಾರೆ. ಕ್ರಮವೇನೋ ಒಳ್ಳೆಯದೇ. ತೊಡಕು ಇರುವುದು ಎರಡು ಭಾಷೆಗಳ ನಡುವೆ ಹಾಕುವ ಚಿಕ್ಕ ಗೆರೆಯಲ್ಲಿ. ಗೆರೆಯ ಎಡಗಡೆ ಒಂದು ಶಬ್ದ, ಬಲಗಡೆ ಒಂದು ಶಬ್ದ. ನೋಡಿದವನು ಎರಡೂ ಸಮವೆಂದು ನಂಬುತ್ತಾನೆ. ಅವು ನಿಜವಾಗಿಯೂ ಸಮವೇ ಎಂಬುದನ್ನು ಪರೀಕ್ಷಿಸುವ ಬಗೆ ಯಾವುದು? ಒಂದೇ ಒಂದು ಸ್ಲೈಡನ್ನು ತೆಗೆದುಕೊಂಡು ನೋಡೋಣ. ಇಂಥದನ್ನು ನಾವು ಅನೇಕ ಬಾರಿ ಕಂಡಿದ್ದೇವೆ:

ವರ್ಕ್ – ಕೆಲಸ
ಫೋರ್ಸ್ – ಶಕ್ತಿ, ಬಲ
ಎನರ್ಜಿ – ಶಕ್ತಿ, ಚೈತನ್ಯ
ಪವರ್ – ಶಕ್ತಿ, ಸಾಮರ್ಥ್ಯ

ನಾಲ್ಕು ಸಾಲುಗಳಲ್ಲಿ ಮೂರರಲ್ಲಿ ‘ಶಕ್ತಿ’ ಕುಳಿತಿದೆ. ನಿಘಂಟಿನ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಮಲ್ಲನ ಶಕ್ತಿ, ದೇವಿಯ ಶಕ್ತಿ, ಮಾತಿನ ಶಕ್ತಿ, ಗುರುತ್ವಾಕರ್ಷಣ ಶಕ್ತಿ, ಅಶ್ವಶಕ್ತಿ, ಪರಮಾಣು ಶಕ್ತಿ ಎಂದು ಕನ್ನಡವು ಈ ಶಬ್ದವನ್ನು ಧಾರಾಳವಾಗಿ ಬಳಸುತ್ತ ಬಂದಿದೆ. ನಿಘಂಟಿನ ಕೆಲಸ ಒಂದು ಶಬ್ದವು ಎಲ್ಲೆಲ್ಲಿ ಬಳಕೆಯಾಗುತ್ತದೆ ಎಂಬುದನ್ನು ತೋರಿಸುವುದು. ಪರಿಭಾಷೆಯ ಕೆಲಸ ಬೇರೆ. ಈ ಪ್ರಕರಣದಲ್ಲಿ ಶಬ್ದವು ಯಾವ ಒಂದನ್ನು ಮಾತ್ರ ಸೂಚಿಸುತ್ತದೆ ಎಂದು ಕಟ್ಟುಮಾಡುವುದು. ನಿಘಂಟಿನಿಂದ ಎತ್ತಿಕೊಂಡ ಸಾಲನ್ನು ಪರಿಭಾಷೆಯೆಂದು ತೋರಿಸಿದಾಗ ಗೊಂದಲ ಹುಟ್ಟುತ್ತದೆ.

ಪರೀಕ್ಷೆಗೆ ಭೌತಶಾಸ್ತ್ರವೇ ಒಂದು ಒರೆಗಲ್ಲನ್ನು ಕೊಟ್ಟಿದೆ. ಅದು ಮಾನ, ಎಂದರೆ ಅಳತೆಯ ಯೂನಿಟ್ಟು. ಯಾವ ಶಬ್ದವೇ ಆಗಲಿ, ‘ಇದನ್ನು ಯಾವ ಮಾನದಲ್ಲಿ ಅಳೆಯುತ್ತಾರೆ?’ ಎಂದು ಕೇಳಿದರೆ ಸಾಕು. ಉತ್ತರ ಒಂದೇ ಆದರೆ ಎರಡು ಶಬ್ದಗಳು ಒಂದೇ ವಸ್ತುವಿನ ಹೆಸರುಗಳಾಗಿರಬಹುದು. ಉತ್ತರ ಬೇರೆಯಾದರೆ ವಸ್ತುಗಳೂ ಖಂಡಿತವಾಗಿ ಬೇರೆ.

ಈ ಒರೆಗಲ್ಲಿಗೆ ಮೇಲಿನ ನಾಲ್ಕು ಶಬ್ದಗಳನ್ನೂ ಉಜ್ಜಿ ನೋಡುವುದಕ್ಕೆ ಒಬ್ಬ ಹಮಾಲಿಯನ್ನು ಕರೆಯೋಣ. ಮಂಡಿ ಎಂದಮೇಲೆ ಮೂಟೆ ಇರಬೇಕು, ಮೂಟೆ ಎಂದಮೇಲೆ ಹಮಾಲಿ ಇರಬೇಕು. ಅವನ ಮುಂದೆ 50 ಕಿಲೋಗ್ರಾಂ ಅಕ್ಕಿಯ ಮೂಟೆ ನೆಲದ ಮೇಲಿದೆ ಎನ್ನಿ. ಅದನ್ನು ಅವನು ಒಂದೂವರೆ ಮೀಟರು ಮೇಲಕ್ಕೆತ್ತಿ ಲಾರಿಯ ಹಲಗೆಯ ಮೇಲಿಡುತ್ತಾನೆ.

ಮೂಟೆಯನ್ನು ಭೂಮಿ ಕೆಳಕ್ಕೆ ಎಳೆಯುತ್ತಿದೆ. ನಿಧಾನವಾಗಿ ಎತ್ತಬೇಕಾದರೂ ಅಷ್ಟೇ ಎಳೆತವನ್ನು ಮೇಲ್ಮುಖವಾಗಿ ಒದಗಿಸಬೇಕು. 50ನ್ನು 9.8ರಿಂದ ಗುಣಿಸಿದರೆ 490 ನ್ಯೂಟನ್. ಇದು ಫೋರ್ಸ್, ಕನ್ನಡದಲ್ಲಿ ಬಲ. ಮೂಟೆ ಕದಲದೆ ಕುಳಿತಿದ್ದರೂ ಅದರ ಮೇಲೆ ಭೂಮಿಯ ಬಲ ಇದ್ದೇ ಇದೆ. ಬಲಕ್ಕೆ ಪರಿಮಾಣದಂತೆ ದಿಕ್ಕೂ ಉಂಟು. (ನಮ್ಮ ಭಾಷೆಯಲ್ಲಿ ‘ಬಲ’ ಎಂದರೆ ಎಡದ ಎದುರು ಪಕ್ಕವೂ ಹೌದಷ್ಟೆ, ‘ಎಡಕ್ಕೆ ವರ್ತಿಸುವ ಬಲ’ ಎಂದು ಸ್ಲೈಡಿನಲ್ಲಿ ಬಂದಾಗ ತರಗತಿಯಲ್ಲಿ ನಗು ಕೇಳಿಬರುವುದುಂಟು. ಆ ನಗೆಯಿಂದ ಕೇಡಿಲ್ಲ. ಅರ್ಥವನ್ನು ಸಂದರ್ಭವೇ ಕಾಯುತ್ತದೆ.)

ಈ ಬಲವು ಮೂಟೆಯನ್ನು ತನ್ನ ದಿಕ್ಕಿನಲ್ಲಿಯೇ ಒಂದೂವರೆ ಮೀಟರು ಸರಿಸಿತು. 490ನ್ನು 1.5ರಿಂದ ಗುಣಿಸಿದರೆ 735 ಜೂಲ್. ಇದು ವರ್ಕ್, ಎಂದರೆ ಕೆಲಸ. ಮುಂದೆ ಆ ಹಮಾಲಿಯೇ ಇನ್ನೊಂದು ಮೂಟೆಯನ್ನು ಹೆಗಲ ಮೇಲೆ ಹೊತ್ತು ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಿಂದ ನೂರು ಮೀಟರು ನಡೆದನೆನ್ನಿ. ಅವನ ಹೆಗಲು ಮೂಟೆಯ ಮೇಲೆ ಪ್ರಯೋಗಿಸುವ ಬಲ ಮೇಲ್ಮುಖವಾಗಿದೆ, ಮೂಟೆ ಸರಿಯುವುದು ಅಡ್ಡಡ್ಡವಾಗಿ. ಆದುದರಿಂದ ಆ ನಡೆಯಲ್ಲಿ ಗುರುತ್ವದ ವಿರುದ್ಧ ಆದ ಕೆಲಸ ಸೊನ್ನೆ. ಈ ಮಾತನ್ನು ಹಮಾಲಿಗೆ ಹೇಳಿದರೆ ಅವನು ಒಪ್ಪುವನೇ? ಕೂಲಿ ಕೊಡುವ ಸಾಹುಕಾರನೂ ಒಪ್ಪಲಾರ. ಇಲ್ಲಿಯೇ ಸ್ಲೈಡಿನ ಮೊದಲನೆಯ ಸಾಲಿನ ಅಪಾಯ ಗೋಚರವಾಗುತ್ತದೆ. ‘ಕೆಲಸ’ ಎಂಬುದು ಅಚ್ಚಗನ್ನಡದ, ಎಲ್ಲರಿಗೂ ತಿಳಿದ ಮಾತು. ತಿಳಿದ ಮಾತಾದುದರಿಂದಲೇ ವಿದ್ಯಾರ್ಥಿ ಅದರ ವ್ಯಾಖ್ಯೆಯನ್ನು ಓದದೆ ಮುಂದೆ ಸಾಗುತ್ತಾನೆ. ನಡೆಯುವ ಹಮಾಲಿ ದಣಿಯುವುದು ನಿಜ. ಅವನ ಸ್ನಾಯುಗಳು ಭಾರವನ್ನು ತಾಳಿಕೊಂಡಿರುವಾಗ ಆಹಾರದಿಂದ ಬಂದ ಶಕ್ತಿಯನ್ನು ವ್ಯಯಿಸುತ್ತಲೇ ಇರುತ್ತವೆ, ಆ ಶಕ್ತಿ ಬಹುಪಾಲು ಉಷ್ಣವಾಗಿ ಮೈಯಿಂದ ಹೊರಬೀಳುತ್ತದೆ. ಮೂಟೆಗೆ ಮಾತ್ರ ಅದರಲ್ಲಿ ಏನೂ ಸಲ್ಲಲಿಲ್ಲ. ಕಠಿಣವಾದ ಸಂಸ್ಕೃತ ಶಬ್ದಕ್ಕಿಂತ ಸುಲಭವಾದ ದೇಶ್ಯ ಶಬ್ದವೇ ಪರಿಭಾಷೆಯಲ್ಲಿ ಹೆಚ್ಚು ಎಚ್ಚರವನ್ನು ಬೇಡುತ್ತದೆ ಎಂದು ನಮ್ಮ ಅಭಿಪ್ರಾಯ.

ಇನ್ನು ಎನರ್ಜಿ. ಲಾರಿಯ ಮೇಲೆ ಕುಳಿತ ಮೂಟೆ ಜಾರಿ ಬಿದ್ದರೆ ಕೆಳಗಿರುವ ಬುಟ್ಟಿಯನ್ನು ಅಪ್ಪಚ್ಚಿ ಮಾಡಬಲ್ಲುದು. ನೆಲದ ಮೇಲಿದ್ದಾಗ ಅದಕ್ಕೆ ಆ ಯೋಗ್ಯತೆ ಇರಲಿಲ್ಲ. ಎತ್ತುವಾಗ ಆದ 735 ಜೂಲ್ ಕೆಲಸವು ಮೂಟೆಯ ಎತ್ತರದ ಸ್ಥಾನದಲ್ಲಿ ಸಂಚಿತವಾಗಿ ನಿಂತಿದೆ. ಈ ಸಂಚಯಕ್ಕೆ ಶಕ್ತಿ ಎಂದು ಹೆಸರು. ಮಾನ ಜೂಲೇ. ಕೆಲಸಕ್ಕೂ ಶಕ್ತಿಗೂ ಮಾನ ಒಂದೇ ಆದುದು ಆಕಸ್ಮಿಕವಲ್ಲ. ಶಕ್ತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಲದ ಮೂಲಕ ದಾಟುವ ಕ್ರಿಯೆಯೇ ಕೆಲಸ. ಒಂದು ಕೊಟ್ಟು ತೆಗೆದುಕೊಳ್ಳುವಿಕೆ, ಇನ್ನೊಂದು ಪೆಟ್ಟಿಗೆಯಲ್ಲಿರುವ ಹಣ. ಎರಡನ್ನೂ ಎಣಿಸುವುದು ರೂಪಾಯಿಯಲ್ಲಿಯೇ. ಮಾನ ಒಂದೇ ಆದರೆ ವಸ್ತು ಒಂದೇ ಎಂದು ಖಂಡಿತವಾಗಿ ಹೇಳದೆ ‘ಆಗಿರಬಹುದು’ ಎಂದು ಮೇಲೆ ಬರೆದುದು ಇದಕ್ಕಾಗಿಯೇ.

ಕೊನೆಯದು ಪವರ್. ಇದುವರೆಗೆ ನಾವು ಹಮಾಲಿ ಎಷ್ಟು ಹೊತ್ತಿನಲ್ಲಿ ಮೂಟೆ ಎತ್ತಿದನೆಂದು ಕೇಳಲೇ ಇಲ್ಲ. ಒಂದು ಸೆಕೆಂಡಿನಲ್ಲಿ ಎತ್ತಿದ್ದರೂ ಹತ್ತು ಸೆಕೆಂಡಿನಲ್ಲಿ ಎತ್ತಿದ್ದರೂ ಕೆಲಸ 735 ಜೂಲೇ. ಪವರ್ ಮಾತ್ರ ಬೇರೆ. ಅದು ಕೆಲಸ ನಡೆಯುವ ದರ:

P = W / t

ಒಂದು ಸೆಕೆಂಡಿನಲ್ಲಿ ಎತ್ತಿದರೆ 735 ವಾಟ್. ಹತ್ತು ಸೆಕೆಂಡಿನಲ್ಲಿ ಎತ್ತಿದರೆ 73.5 ವಾಟ್. (ಸೂತ್ರದಲ್ಲಿರುವ W ಕೆಲಸದ ಸಂಕೇತ, ಸಂಖ್ಯೆಯ ಪಕ್ಕದಲ್ಲಿ ಬರುವ W ವಾಟ್ ಎಂಬ ಮಾನದ ಸಂಕೇತ. ಅಚ್ಚಿನ ಪುಸ್ತಕದಲ್ಲಿ ಮೊದಲನೆಯದನ್ನು ಓರೆಯಾಗಿಯೂ ಎರಡನೆಯದನ್ನು ನೆಟ್ಟಗೂ ಮುದ್ರಿಸುತ್ತಾರೆ. ಸ್ಲೈಡಿನಲ್ಲಿ ಈ ಭೇದ ಅಳಿದುಹೋಗುವುದೇ ಹೆಚ್ಚು.)

735 ಎಂಬ ಸಂಖ್ಯೆಯನ್ನು ವಾಚಕರು ಗಮನಿಸಬೇಕು. 75 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರು ಎತ್ತುವ ದರಕ್ಕೆ ಮೆಟ್ರಿಕ್ ಹಾರ್ಸ್‌ಪವರ್ ಎಂದು ಹೆಸರು. ನಮ್ಮ ಹಮಾಲಿ 50 ಕಿಲೋಗ್ರಾಮನ್ನು ಒಂದೂವರೆ ಮೀಟರು ಎತ್ತಿದ್ದಾನೆ. ಗುಣಲಬ್ಧ ಅದೇ 75. ಆದುದರಿಂದ ಒಂದೇ ಸೆಕೆಂಡಿನಲ್ಲಿ ಮೂಟೆಯನ್ನೆತ್ತಿದ ಆ ಮನುಷ್ಯ ಆ ಒಂದು ಸೆಕೆಂಡಿನ ಮಟ್ಟಿಗೆ ಕುದುರೆಗೆ ಸಮನಾಗಿದ್ದ. ದಿನವೆಲ್ಲ ದುಡಿಯುವ ಮನುಷ್ಯನಿಂದ ಸುಮಾರಾಗಿ ಇದರ ಹತ್ತನೆಯ ಒಂದು ಭಾಗವನ್ನು ನಿರೀಕ್ಷಿಸಬಹುದಷ್ಟೆ. ಜೇಮ್ಸ್ ವಾಟ್ ತನ್ನ ಉಗಿಯಂತ್ರಗಳ ಯೋಗ್ಯತೆಯನ್ನು ಗಿರಾಕಿಗಳಿಗೆ ತಿಳಿಸುವುದಕ್ಕಾಗಿ 18ನೆಯ ಶತಮಾನದಲ್ಲಿ ಕಲ್ಪಿಸಿದ ಮೂಲ ಹಾರ್ಸ್‌ಪವರ್ ಇದಕ್ಕಿಂತ ಕೊಂಚ ದೊಡ್ಡದು, ಸುಮಾರು 746 ವಾಟ್.

ಈ ಹಾರ್ಸ್‌ಪವರಿಗೆ ಕನ್ನಡದಲ್ಲಿ ಬಹುಕಾಲದಿಂದ ಸಲ್ಲುತ್ತಿರುವ ಹೆಸರು ‘ಅಶ್ವಶಕ್ತಿ’. ಬಾವಿಯ ಪಂಪಿನ ಮೇಲೂ ಸರ್ಕಾರದ ಆದೇಶದಲ್ಲಿಯೂ ರೈತರ ಮಾತಿನಲ್ಲಿಯೂ ಅದೇ ಹೆಸರಿದೆ. ಇಲ್ಲಿ ಶಕ್ತಿಯೆಂದರೆ ಪವರ್. ಪಠ್ಯಪುಸ್ತಕದಲ್ಲಿ ಶಕ್ತಿಯೆಂದರೆ ಎನರ್ಜಿ; ಪವರಿಗೆ ಸಾಮರ್ಥ್ಯ ಎಂಬ ಶಬ್ದವನ್ನು ಗೊತ್ತುಮಾಡಿದ್ದಾರೆ. ಇವೆರಡನ್ನೂ ಒಂದೇ ಸ್ಲೈಡಿನಲ್ಲಿ ಓದಿದ ವಿದ್ಯಾರ್ಥಿ ‘5 ಅಶ್ವಶಕ್ತಿಯ ಪಂಪಿನಲ್ಲಿ ಎಷ್ಟು ಶಕ್ತಿ ಇದೆ?’ ಎಂದು ಕೇಳಿದರೆ ಅವನನ್ನು ದಡ್ಡನೆನ್ನಲಾಗದು. ಪ್ರಶ್ನೆಗೆ ಉತ್ತರವಿಲ್ಲವೆಂಬುದು ಅಳತೆಯ ಮಾನಗಳನ್ನು ನೋಡಿದಾಗ ಮಾತ್ರ ಹೊಳೆಯುತ್ತದೆ: ಪಂಪು ಎಷ್ಟು ಹೊತ್ತು ಓಡಿತೆಂದು ಹೇಳದೆ ಜೂಲುಗಳನ್ನು ಎಣಿಸಲಾಗದು. ಅಶ್ವಶಕ್ತಿ ಎಂಬುದು ಬಳಕೆಯಲ್ಲಿ ಬೇರೂರಿದ ಮಾತು. ಅದನ್ನು ಕಿತ್ತು ‘ಅಶ್ವಸಾಮರ್ಥ್ಯ’ ಎಂದು ನೆಡುವುದು ವ್ಯರ್ಥ. ಸ್ಲೈಡಿನಲ್ಲಿ ಅದರ ಕೆಳಗೆ ‘ಇದು ಸಾಮರ್ಥ್ಯದ ಮಾನ, 1 ಅಶ್ವಶಕ್ತಿ = 746 W’ ಎಂದು ಒಂದು ಸಾಲನ್ನು ಬರೆದರೆ ಸಾಕು.

ಹಿಂದಿಯ ಪುಸ್ತಕದಿಂದ ಸ್ಲೈಡನ್ನು ಕನ್ನಡಕ್ಕೆ ತಿರುಗಿಸುವವರಿಗೆ ಇನ್ನೂ ಒಂದು ಹಳ್ಳವಿದೆ. ಅಲ್ಲಿ ಎನರ್ಜಿಗೆ ‘ಊರ್ಜಾ’ ಎಂದೂ ಪವರಿಗೆ ‘ಶಕ್ತಿ’ ಎಂದೂ ಹೆಸರು. ಲಿಪಿಯನ್ನು ಮಾತ್ರ ಬದಲಿಸಿ ಶಬ್ದವನ್ನು ಹಾಗೆಯೇ ಉಳಿಸಿಕೊಂಡರೆ ಕನ್ನಡದ ಓದುಗ ಅದನ್ನು ಎನರ್ಜಿಯೆಂದು ಓದುತ್ತಾನೆ. ಒಂದೇ ಸಂಸ್ಕೃತ ಶಬ್ದ, ಎರಡು ಭಾರತೀಯ ಭಾಷೆಗಳು, ಎರಡು ಬೇರೆ ಭೌತಪರಿಮಾಣಗಳು. ಇಂಥ ಕಡೆ ತಪ್ಪನ್ನು ಪತ್ತೆಹಚ್ಚುವುದು ಸುಲಭ: ‘ಶಕ್ತಿ’ಯ ಮುಂದೆ ವಾಟ್ ಕಂಡಿತೆಂದರೆ ಸ್ಲೈಡು ಹಿಂದಿಯಿಂದ ಬಂದಿರಬೇಕು, ಇಲ್ಲವೆ ಬೀದಿಯಿಂದ ಬಂದಿರಬೇಕು.

ಈ ಗೊಂದಲ ನಮ್ಮ ಭಾಷೆಗಳ ಬಡತನದಿಂದ ಹುಟ್ಟಿದುದೆಂದು ಯಾರೂ ಭಾವಿಸಬೇಕಾಗಿಲ್ಲ. ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಶಕ್ತಿಯ ಸಂರಕ್ಷಣೆಯನ್ನು ಪ್ರತಿಪಾದಿಸಿ ಬರೆದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲಿ ಇರುವ ಜರ್ಮನ್ ಶಬ್ದ ‘ಕ್ರಾಫ್ಟ್’. ಅದರ ಇಂದಿನ ಅರ್ಥ ಬಲ! ಥಾಮಸ್ ಯಂಗ್ 1807ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗಳಲ್ಲಿ ಎನರ್ಜಿ ಎಂಬ ಶಬ್ದವನ್ನು ಬಳಸಿದ್ದನಾದರೂ, 1850ರ ದಶಕದಲ್ಲಿ ವಿಲಿಯಂ ಥಾಮ್ಸನ್, ರಾಂಕಿನ್ ಮೊದಲಾದವರು ಅದನ್ನು ಹಿಡಿದು ನಿಲ್ಲಿಸುವವರೆಗೆ ಯೂರೋಪಿನ ವಿಜ್ಞಾನಿಗಳೂ ಬಲಕ್ಕೂ ಶಕ್ತಿಗೂ ಒಂದೇ ಹೆಸರನ್ನು ಹಂಚಿಕೊಡುತ್ತಿದ್ದರು. ನಾವು ಇಂದಿಗೂ ‘ಗುರುತ್ವಾಕರ್ಷಣ ಶಕ್ತಿ’ ಎನ್ನುವುದು ಆ ಹಳೆಯ ಅಭ್ಯಾಸಕ್ಕೆ ಹತ್ತಿರದ್ದು. ಭೂಮಿ ಮೂಟೆಯನ್ನು ಎಳೆಯುವುದು ನ್ಯೂಟನ್ನುಗಳಲ್ಲಿ; ಆದುದರಿಂದ ಅದು ಗುರುತ್ವ ಬಲ. ಲಾರಿಯ ಮೇಲಿನ ಮೂಟೆಯಲ್ಲಿ ಇರುವ 735 ಜೂಲನ್ನು ಬೇಕಾದರೆ ಗುರುತ್ವ ಶಕ್ತಿ ಎನ್ನಬಹುದು. ಕನ್ನಡದಲ್ಲಿ ಈ ಬಗೆಯ ಕೃಷಿ ಹೊಸದೇನಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದುದು 1918ರಲ್ಲಿ.

‘ಸಾಮರ್ಥ್ಯ’ವನ್ನು ಪವರಿಗೆ ಕೊಟ್ಟು ನೆಮ್ಮದಿಯಿಂದ ಇರಬಹುದೆ? ಇರಲಾಗದು. ಕನ್ನಡದಲ್ಲಿ ಕೆಪಾಸಿಟಿಗೂ ಸಾಮರ್ಥ್ಯವೆಂಬುದೇ ಹೆಸರು. ಹೀಟ್ ಕೆಪಾಸಿಟಿ ಎಂಬುದನ್ನು ‘ಉಷ್ಣ ಸಾಮರ್ಥ್ಯ’ ಎಂದು ಬರೆಯುವ ರೂಢಿಯಿದೆ. ಕನ್ನಡದಲ್ಲಿ ಪ್ರೌಢಶಾಲೆಯನ್ನು ಮುಗಿಸಿ ಬಂದ ಚುರುಕು ವಿದ್ಯಾರ್ಥಿನಿಯೊಬ್ಬಳು ತನ್ನ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ‘ಹೀಟ್ ಪವರ್’ ಎಂದು ಬರೆದುದನ್ನು ನಾವು ಬಲ್ಲೆವು. ಅವಳು ಮಾಡಿದುದು ಶುದ್ಧವಾದ ತರ್ಕ: ಸಾಮರ್ಥ್ಯವೆಂದರೆ ಪವರ್, ಉಷ್ಣವೆಂದರೆ ಹೀಟ್. ಪಾಠದ ಅರ್ಥ ಅವಳಿಗೆ ತಿಳಿದಿತ್ತು. ಒಂದು ಕಿಲೋಗ್ರಾಂ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು ಸುಮಾರು 4,200 ಜೂಲ್ ಬೇಕೆಂದು ಅವಳು ಸರಿಯಾಗಿಯೇ ಲೆಕ್ಕಮಾಡಿದ್ದಳು. ಆದರೂ ಅಂಕ ಹೋಯಿತು. ಅವಳು ಓದಿದ್ದ ಸ್ಲೈಡಿನಲ್ಲಿ ಎರಡು ಶಬ್ದಗಳ ಪಕ್ಕದಲ್ಲಿ ಮಾನಗಳನ್ನು ಬರೆದಿದ್ದರೆ, ಪವರಿಗೆ ‘ಸೆಕೆಂಡಿಗೆ ಜೂಲ್’ ಎಂದೂ ಉಷ್ಣ ಸಾಮರ್ಥ್ಯಕ್ಕೆ ‘ಡಿಗ್ರಿಗೆ ಜೂಲ್’ ಎಂದೂ ಇದ್ದು, ಇವೆರಡು ಒಂದಲ್ಲವೆಂದು ಅವಳ ಕಣ್ಣಿಗೇ ಕಾಣುತ್ತಿತ್ತು.

ಹೀಗಾಗಿ ಸ್ಲೈಡಿನ ಪ್ರತಿಯೊಂದು ಸಾಲಿನಲ್ಲಿಯೂ ಮೂರು ಅಂಗಗಳಿರಬೇಕೆಂದು ನಾವು ಹೇಳುತ್ತೇವೆ: ಇಂಗ್ಲಿಷ್ ಶಬ್ದ, ಅದಕ್ಕೆ ಗೊತ್ತುಮಾಡಿದ ಒಂದೇ ಒಂದು ಕನ್ನಡ ಶಬ್ದ, ಅಳತೆಯ ಮಾನ. ಮೇಲಿನ ಸ್ಲೈಡು ಆಗ ಹೀಗಾಗುತ್ತದೆ:

ಫೋರ್ಸ್ – ಬಲ – ನ್ಯೂಟನ್
ವರ್ಕ್ – ಕೆಲಸ – ಜೂಲ್
ಎನರ್ಜಿ – ಶಕ್ತಿ – ಜೂಲ್
ಪವರ್ – ಸಾಮರ್ಥ್ಯ – ವಾಟ್

ಅನಂತರದ ಸ್ಲೈಡುಗಳಲ್ಲಿ ಈ ಜೋಡಿಗಳನ್ನು ಕದಲಿಸಬಾರದು. ಪ್ರಬಂಧ ಬರೆಯುವಾಗ ಪುನರುಕ್ತಿ ದೋಷವೆಂದು ನಮಗೆ ಶಾಲೆಯಲ್ಲಿ ಕಲಿಸಿರುತ್ತಾರೆ. ಒಂದು ಸಾಲಿನಲ್ಲಿ ‘ಶಕ್ತಿ’ ಎಂದವನು ಮುಂದಿನ ಸಾಲಿನಲ್ಲಿ ಸೊಗಸಿಗಾಗಿ ‘ಚೈತನ್ಯ’ ಎನ್ನುತ್ತಾನೆ. ಕೇಳುವವನು ಎರಡನೆಯದು ಬೇರೊಂದು ವಸ್ತುವೆಂದು ಊಹಿಸುತ್ತಾನೆ, ಅವನ ಊಹೆ ನ್ಯಾಯವಾದದ್ದೇ. ಪರಿಭಾಷೆಯಲ್ಲಿ ಪುನರುಕ್ತಿ ಗುಣ.

ಗಣಕಯಂತ್ರವೂ ಈ ವಿಷಯದಲ್ಲಿ ಒಂದು ಚೇಷ್ಟೆ ಮಾಡುವುದುಂಟು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಸ್ಲೈಡನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬುದು PÀ£ÀßqÀ ಎಂದು ಕಾಣುತ್ತದೆ. ಈ ತಪ್ಪು ಯಾರಿಗೂ ಕಾಣದೆ ಹೋಗದು. ಕಾಣದೆ ಹೋಗುವುದು ಇದರ ತಿರುಗುಮುರುಗು. ಆ ಶೈಲಿಯಲ್ಲಿ ಇಂಗ್ಲಿಷಿನ J ಎಂಬ ಕೀಲಿಯ ಸ್ಥಾನದಲ್ಲಿ ‘ಎ’ ಅಕ್ಷರವೂ K ಸ್ಥಾನದಲ್ಲಿ ‘ಏ’ ಅಕ್ಷರವೂ ಇರುವುದರಿಂದ, ಇಡೀ ಸಾಲನ್ನು ಆ ಶೈಲಿಗೆ ತಿರುಗಿಸಿದರೆ 735 J ಎಂಬುದು ‘735 ಎ’ ಆಗುತ್ತದೆ, 300 K ಎಂಬುದು ‘300 ಏ’ ಆಗುತ್ತದೆ. ಅದನ್ನು ಆಂಪೇರ್ ಎಂದು ಓದಿದ ವಿದ್ಯಾರ್ಥಿಯನ್ನು ದೂರುವುದು ಹೇಗೆ? ಸ್ಲೈಡನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಬರೆದರೆ ಕನ್ನಡ ಅಕ್ಷರಕ್ಕೂ ರೋಮನ್ ಅಕ್ಷರಕ್ಕೂ ಬೇರೆ ಬೇರೆ ಸಂಕೇತಗಳಿರುವುದರಿಂದ ಈ ತೊಂದರೆ ಇರುವುದಿಲ್ಲ. ಹಳೆಯ ಸ್ಲೈಡುಗಳನ್ನು ಬಳಸುವವರು ಸಂಖ್ಯೆಗಳ ಬಲಗಡೆಯನ್ನು ಮಾತ್ರ ಒಂದು ಸಲ ಕಣ್ಣಾಡಿಸಿದರೆ ಸಾಕು.

ಇಂಗ್ಲಿಷ್ ಶಬ್ದವನ್ನೇ ಉಳಿಸಿಕೊಂಡರೆ ಇಷ್ಟೆಲ್ಲ ಪಾಡು ಏಕೆ ಎಂದು ಕೆಲವರು ಕೇಳುತ್ತಾರೆ. ಉಳಿಸಿಕೊಂಡ ಮಾತ್ರಕ್ಕೆ ಅರ್ಥ ನಿಖರವಾಗುವುದಿಲ್ಲ. ನಮ್ಮ ಜೇಬಿನ ಫೋನಿಗೆ ಜೀವ ತುಂಬುವ ‘ಪವರ್ ಬ್ಯಾಂಕ್’ ಎಂಬ ಪೆಟ್ಟಿಗೆಯನ್ನೇ ನೋಡಿ. ಅದು ಕೂಡಿಡುವುದು ಪವರನ್ನಲ್ಲ. ದರವನ್ನು ಕೂಡಿಡಲು ಬರುವುದಿಲ್ಲ. 10,000 ಮಿಲಿಆಂಪೇರ್-ಗಂಟೆ ಎಂದು ಬರೆದಿರುವ, 3.7 ವೋಲ್ಟಿನ ಕೋಶಗಳುಳ್ಳ ಪೆಟ್ಟಿಗೆಯಲ್ಲಿ 37 ವಾಟ್-ಗಂಟೆ, ಎಂದರೆ 1,33,200 ಜೂಲ್ ಶಕ್ತಿ ಇರುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಬರುವ ‘ಯೂನಿಟ್’ ಎಂಬುದೂ ಹೀಗೆಯೇ. ಯೂನಿಟ್ ಎಂದರೆ ಮಾನವೆಂದಷ್ಟೇ ಅರ್ಥ. ಯಾವುದರ ಮಾನವೆಂದು ಬಿಲ್ಲಿನಲ್ಲಿ ಹುಡುಕಿದರೆ kWh ಎಂಬ ಮೂರು ಅಕ್ಷರಗಳು ಸಿಕ್ಕುತ್ತವೆ. ಒಂದು ಸಾವಿರ ವಾಟ್ ದರದಲ್ಲಿ ಒಂದು ಗಂಟೆ ಹರಿದುಬಂದ ಶಕ್ತಿ ಅದು. 36 ಲಕ್ಷ ಜೂಲ್. ನಮ್ಮ ಹಮಾಲಿ ಆ ಒಂದು ಯೂನಿಟ್ಟಿಗೆ ಸಮನಾದ ಕೆಲಸ ಮಾಡಬೇಕಾದರೆ ಸುಮಾರು 4,900 ಮೂಟೆಗಳನ್ನು ಲಾರಿಗೆ ಏರಿಸಬೇಕು. 2,000 ವಾಟಿನ ನೀರೊಲೆ ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತದೆ.

ಇನ್ನು ಗಣಿತದ ತರಗತಿಗೆ ಹೋದರೆ ಹತ್ತರ ಮೂರನೆಯ ‘ಪವರ್’ ಎಂದರೆ ಸಾವಿರ. ಕನ್ನಡದಲ್ಲಿ ಅದಕ್ಕೆ ‘ಘಾತ’ ಎಂಬ ಪ್ರತ್ಯೇಕ ಶಬ್ದವಿರುವುದರಿಂದ ಇಲ್ಲಿ ನಮ್ಮ ಭಾಷೆಯೇ ಹೆಚ್ಚು ಸ್ಪಷ್ಟ. ಬೆಳಕಿನ ಪಾಠದಲ್ಲಿ ಮಸೂರದ ‘ಪವರ್’ ಬರುತ್ತದೆ. ಪಠ್ಯಪುಸ್ತಕ ಅದನ್ನೂ ಸಾಮರ್ಥ್ಯವೆಂದೇ ಕರೆಯುತ್ತದೆ. ಅದರ ಮಾನ ಡಯಾಪ್ಟರ್. ಸಂಗಮದೂರವನ್ನು ಮೀಟರಿನಲ್ಲಿ ಬರೆದು ಒಂದನ್ನು ಅದರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಅದರಲ್ಲಿ ಜೂಲೂ ಇಲ್ಲ, ಸೆಕೆಂಡೂ ಇಲ್ಲ. ಕನ್ನಡಕದ ಅಂಗಡಿಯವರು +2 ಎಂದು ಬರೆದುಕೊಟ್ಟರೆ ಆ ಮಸೂರವು ದೂರದಿಂದ ಬಂದ ಬೆಳಕನ್ನು ಅರ್ಧ ಮೀಟರಿನಲ್ಲಿ ಕೂಡಿಸುತ್ತದೆಂದು ಅರ್ಥ. ದೂರದ ವಸ್ತು ಕಾಣದವನಿಗೆ ಕೊಡುವ ಮಸೂರದ ಪವರ್ –2; ಅದು ಬೆಳಕನ್ನು ಕೂಡಿಸುವ ಬದಲು ಚದರಿಸುತ್ತದೆ. ಇದನ್ನೂ ವಾಟಿನ ಸಾಮರ್ಥ್ಯವೆಂದೇ ಬಗೆದವನು, ಕನ್ನಡಕ ಧರಿಸಿದ ತನ್ನ ಗೆಳೆಯನ ಮೂಗಿನ ಮೇಲೆ ಸೊನ್ನೆಗಿಂತ ಕಡಿಮೆಯಾದ ಸಾಮರ್ಥ್ಯ ಹೇಗೆ ಕುಳಿತಿದೆಯೆಂದು ವಿವರಿಸಬೇಕಾದೀತು.